ಕರ್ನಲ್ ಸಾಹೇಬರ ಆರು ಸಾಲು

ನಿವೃತ್ತ ಸೇನಾಧಿಕಾರಿಯೊಬ್ಬರ ರೆಸ್ಯೂಮೆಯ ಮೊದಲ ಪ್ಯಾರಾ ಸಾಮಾನ್ಯವಾಗಿ ಹೀಗಿರುತ್ತದೆ: 32 ವರ್ಷಗಳ ನಿಷ್ಕಳಂಕ ಸೇವೆ, ಅಪಾರ ನಾಯಕತ್ವದ ಅನುಭವ, ಶಿಸ್ತು, ಪ್ರಾಮಾಣಿಕತೆ, ಎಂಥ ಒತ್ತಡಕ್ಕೂ ಅಂಜದ ಸ್ವಭಾವ, ದೇಶದ ಎಲ್ಲ ಬಗೆಯ ಭೂಪ್ರದೇಶಗಳಲ್ಲಿ ದುಡಿದ ಹಿನ್ನೆಲೆ. ಇದರಲ್ಲಿ ಒಂದು ಮಾತೂ ಸುಳ್ಳಿರಲಿಕ್ಕಿಲ್ಲ. ಆದರೆ ಓದಿ ಮುಗಿಸಿದ ಮೇಲೂ ಈ ಮನುಷ್ಯ ಬೆಳಗ್ಗೆ ಆಫೀಸಿಗೆ ಹೋಗಿ ಏನು ಕೆಲಸ ಮಾಡುತ್ತಿದ್ದರು ಎಂಬುದು ತಿಳಿಯುವುದಿಲ್ಲ. ಸೇತುವೆ ಕಟ್ಟಿಸುತ್ತಿದ್ದರೋ, ಗಡಿ ಕಾಯುತ್ತಿದ್ದರೋ, ಲಕ್ಷಾಂತರ ಲೀಟರ್ ಡೀಸೆಲ್ಲಿನ ಲೆಕ್ಕ ಇಡುತ್ತಿದ್ದರೋ? ಶಿಸ್ತು, ಪ್ರಾಮಾಣಿಕತೆ ಸೈನ್ಯದವರಲ್ಲಿ ಇದ್ದೇ ಇರುತ್ತದೆ ಎಂದು ಕಂಪನಿಯವರು ಮೊದಲೇ ಅಂದುಕೊಂಡಿರುತ್ತಾರೆ. ಅದನ್ನೇ ಮತ್ತೆ ಹೇಳಿದರೆ ಅವರು ಆ ಕಾಗದವನ್ನು ‘ಸೆಕ್ಯೂರಿಟಿ ಮತ್ತು ಅಡ್ಮಿನ್’ ಎಂಬ ಫೋಲ್ಡರಿಗೆ ಸೇರಿಸಿ ಮುಂದಕ್ಕೆ ಹೋಗುತ್ತಾರೆ. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಬಯಸಿ ಹೋಗುವವರೂ ಇದ್ದಾರೆ. ಬೇರೆ ಕೆಲಸ ಬಲ್ಲವರೂ ಬರೀ ಆರು ಸಾಲಿನ ದೆಸೆಯಿಂದ ಅಲ್ಲಿಗೇ ಹೋಗಿ ಬೀಳುತ್ತಾರಲ್ಲ, ಅದು ಬೇಸರದ ಸಂಗತಿ.

ಭಾರತೀಯ ಸೇನೆಯಲ್ಲಿ ಕರ್ನಲ್ ದರ್ಜೆಯವರು 54ಕ್ಕೆ ನಿವೃತ್ತರಾಗುತ್ತಾರೆ, ಬ್ರಿಗೇಡಿಯರ್ 56ಕ್ಕೆ. ಶಾರ್ಟ್ ಸರ್ವಿಸ್ ಕಮಿಷನ್ ಪಡೆದವರು 10 ಅಥವಾ 14 ವರ್ಷಕ್ಕೇ ಹೊರಬರುತ್ತಾರೆ. ಹಾಗಾಗಿ ಎರಡನೇ ನೌಕರಿ ಹುಡುಕುವವರು ಬಹಳ. ರಕ್ಷಣಾ ಸಚಿವಾಲಯದ ಕೆಳಗಿನ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ಇದಕ್ಕೆಂದೇ ಐಐಎಂಗಳಂಥ ಕಡೆ ಅಧಿಕಾರಿಗಳಿಗೆ ಮ್ಯಾನೇಜ್‌ಮೆಂಟ್ ಕೋರ್ಸು ಕೊಡಿಸುತ್ತದೆ. ಇಂಥ ಮಾತು ಬಂದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಕ್ಯಾಪ್ಟನ್ ಗೋಪಿನಾಥ್ ಅವರ ಹೆಸರು ತೆಗೆಯುತ್ತಾರೆ. 1971ರ ಯುದ್ಧ ಕಂಡು, ಚಿಕ್ಕ ವಯಸ್ಸಿಗೇ ಸೇನೆ ಬಿಟ್ಟು, ಹಾಸನದ ಕಡೆ ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದವರು ಅವರು. ಆದರೆ ಅವರು ಕಂಪನಿ ಕಟ್ಟಿದವರು, ರೆಸ್ಯೂಮೆ ಹಿಡಿದು ಇನ್ನೊಬ್ಬರ ಕಂಪನಿಯ ಬಾಗಿಲಿಗೆ ಹೋದವರಲ್ಲ. ಹೋಗಬೇಕಾದವರ ಕಷ್ಟವೇ ಬೇರೆ.

ಆ ಕಷ್ಟ ತಿಳಿಯಲು ಒಬ್ಬ ಕರ್ನಲ್‌ರನ್ನು ಕಲ್ಪಿಸಿಕೊಳ್ಳೋಣ. ಇವರು ಯಾರೋ ಒಬ್ಬರಲ್ಲ, ಹಲವರ ಅನುಭವ ಸೇರಿಸಿ ಮಾಡಿಕೊಂಡ ಉದಾಹರಣೆ. ಊರು ಸೋಮವಾರಪೇಟೆಯ ಕಡೆ. ಆರ್ಮಿ ಸರ್ವಿಸ್ ಕೋರ್, ಅಂದರೆ ಸೇನೆಗೆ ಊಟ, ಇಂಧನ, ಸಾಗಣೆ ಒದಗಿಸುವ ಎಎಸ್‌ಸಿಯಲ್ಲಿ ಸೇವೆ. ನಿವೃತ್ತಿಗೆ ಮೊದಲು ಲಡಾಖಿನಲ್ಲಿ ಒಂದು ಎಎಸ್‌ಸಿ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್. ಈಗ ಬೆಂಗಳೂರಿನಲ್ಲಿ ಮನೆ. ಗ್ರಾಹಕ ವಸ್ತುಗಳ ವಿತರಣಾ ಜಾಲ ನಡೆಸುವ ಹುದ್ದೆಯೊಂದಕ್ಕೆ ಅರ್ಜಿ ಹಾಕಬೇಕೆಂದಿದ್ದಾರೆ. ಅವರ ಮೊದಲ ಕರಡಿನಲ್ಲಿ ಮೇಲೆ ಹೇಳಿದ ಗುಣಗಾನದ ಜೊತೆಗೆ ಸಿಒ, ಟುಐಸಿ, ಜಿಎಸ್‌ಒ-1, ಎಕ್ಯು, ಪಿಎಸ್‌ಸಿ ಎಂಬ ಅಕ್ಷರಗಳ ಸಾಲು ಇತ್ತು. ಮೆಸ್ಸಿನಲ್ಲಿ ಈ ಅಕ್ಷರ ನೋಡಿದವರು ಎದ್ದು ಕೈಕುಲುಕುತ್ತಾರೆ. ನೇಮಕಾತಿ ವಿಭಾಗದ 28ರ ಹುಡುಗಿಗೆ ಅವು ಬಸ್ಸಿನ ನಂಬರ್ ಪ್ಲೇಟಿನಂತೆ ಕಾಣುತ್ತವೆ.

ಅವರ ಅಕ್ಕನ ಮಗ ಎಚ್‌ಆರ್‌ನಲ್ಲಿದ್ದಾನೆ. ಓದಿ ನೋಡಿದವನು ಕೇಳಿದ: “ಮಾವ, ಕರ್ನಲ್ ಅಂದ್ರೆ ಕಂಪನೀಲಿ ಯಾವ ಲೆವೆಲ್? ವೈಸ್ ಪ್ರೆಸಿಡೆಂಟಾ?”

“ಹಾಗೇ ಹಾಕೋಣ ಅಂತಿದ್ದೆ ಕಣೋ. ಎಂಟುನೂರು ಜನರ ಪಲ್ಟನ್ನು ನಡೆಸೋನು ಸಿಇಒ ಇದ್ದಂಗೇ ಅಂತ ನನ್ನ ಕೋರ್ಸ್‌ಮೇಟ್ ಒಬ್ಬ ಹಾಕ್ಕೊಂಡಿದಾನೆ.”

ಇಲ್ಲೇ ಮೊದಲ ಎಡವಟ್ಟು. ಕರ್ನಲ್ ಎಂಬ ದರ್ಜೆ ಎರಡು ದಾರಿಯಲ್ಲಿ ಬರುತ್ತದೆ. ಆಯ್ಕೆ ಮಂಡಳಿ ಆರಿಸಿದವರು ಬೆಟಾಲಿಯನ್ ಅಥವಾ ರೆಜಿಮೆಂಟಿನ ಕಮಾಂಡಿಗೆ ಅರ್ಹರಾಗುತ್ತಾರೆ. ಆಯ್ಕೆಯಾಗದೆ 26 ವರ್ಷ ಸೇವೆ ಪೂರೈಸಿದವರಿಗೂ ಕಾಲಮಾನದ ಮೇಲೆ ಅದೇ ದರ್ಜೆ ಸಿಗುತ್ತದೆ. ಇಬ್ಬರ ಹೆಗಲ ಮೇಲೂ ಅಶೋಕ ಸ್ತಂಭ ಮತ್ತು ಎರಡು ನಕ್ಷತ್ರಗಳೇ. ಮಾಡಿದ ಕೆಲಸ ಮಾತ್ರ ಬೇರೆ ಬೇರೆ. ಅಂದಮೇಲೆ ದರ್ಜೆಯನ್ನು ಕಂಪನಿಯ ಯಾವುದೋ ಪದವಿಗೆ ಸಮ ಮಾಡಿ ಬರೆದರೆ ಓದುವವನಿಗೆ ಸಿಗುವುದು ಗೌರವದ ಅಂದಾಜು, ಕೆಲಸದ ಅಂದಾಜಲ್ಲ. ಸಿಇಒ ಎಂದು ಬರೆದವರಿಗೆ ಸಂದರ್ಶನದಲ್ಲಿ ಬರುವ ಎರಡನೇ ಪ್ರಶ್ನೆಯೇ ‘ನಿಮ್ಮ ಲಾಭ ನಷ್ಟದ ಹೊಣೆ ಎಷ್ಟಿತ್ತು?’ ಎಂದಿರುತ್ತದೆ. ಬೆಟಾಲಿಯನ್ನಿಗೆ ಮಾರಾಟವಿಲ್ಲ, ಆದಾಯವಿಲ್ಲ, ಪ್ರತಿಸ್ಪರ್ಧಿ ಕಂಪನಿಯಿಲ್ಲ. ಉತ್ತರ ತಡವರಿಸಿದರೆ ಉಳಿದ ನಿಜದ ಮೇಲೂ ಅನುಮಾನ ಬೀಳುತ್ತದೆ.

ಜನರ ವಿಷಯದಲ್ಲೂ ಹಾಗೆಯೇ. ‘800 ಜನರ ಮಾನವ ಸಂಪನ್ಮೂಲ ನಿರ್ವಹಣೆ’ ಎಂದು ಬರೆದರೆ ಕಂಪನಿಯವರು ನೇಮಕ, ಸಂಬಳ ನಿಗದಿ, ಕೆಲಸ ಬಿಟ್ಟು ಹೋಗುವವರನ್ನು ಉಳಿಸಿಕೊಳ್ಳುವುದು ಎಂದು ಓದಿಕೊಳ್ಳುತ್ತಾರೆ. ಕಮಾಂಡಿಂಗ್ ಆಫೀಸರ್ ಇವು ಯಾವುದನ್ನೂ ಮಾಡುವುದಿಲ್ಲ. ಅವರ ಕೆಳಗಿನ ಅಧಿಕಾರಿಗಳನ್ನು ಕಳಿಸುವುದು ದೆಹಲಿಯ ಮಿಲಿಟರಿ ಸೆಕ್ರೆಟರಿ ಶಾಖೆ, ಜವಾನರನ್ನು ಕಳಿಸುವುದು ರೆಕಾರ್ಡ್ಸ್ ಆಫೀಸು. ಸಂಬಳ ವೇತನ ಆಯೋಗದ್ದು. ಸಿಕ್ಕಿದ ಜನರನ್ನೇ ಇಟ್ಟುಕೊಂಡು ಕೆಲಸ ಮಾಡಿಸಬೇಕು. ಬೇಡವೆಂದು ಮನೆಗೆ ಕಳಿಸುವಂತಿಲ್ಲ. ನನ್ನ ಮಟ್ಟಿಗೆ ಇದು ಕಂಪನಿಯ ಮ್ಯಾನೇಜರಿಕೆಗಿಂತ ಕಷ್ಟದ ಕೆಲಸ. ಆದರೆ ರೆಸ್ಯೂಮೆಯಲ್ಲಿ ಹೇಳಬೇಕಾದದ್ದು ಅವರು ನಿಜಕ್ಕೂ ಮಾಡಿದ್ದನ್ನು: ಅಧಿಕಾರಿಗಳ ವಾರ್ಷಿಕ ಗೌಪ್ಯ ವರದಿಯ ಮೊದಲ ಬರಹ ಅವರದೇ, ಆ ವರದಿಯ ಮೇಲೆ ಬಡ್ತಿ ನಿಲ್ಲುತ್ತದೆ. ತರಬೇತಿ, ರಜೆಯ ಹಂಚಿಕೆ, ಕುಟುಂಬಗಳ ಅಹವಾಲು, ಶಿಸ್ತು ಎಲ್ಲವೂ ಅವರದು.

ಶಿಸ್ತು ಎಂದಾಗ ಅದನ್ನೊಂದು ಗುಣವಾಗಿಯಲ್ಲ, ಕೆಲಸವಾಗಿ ನೋಡಬೇಕು. 1950ರ ಸೇನಾ ಕಾಯಿದೆಯ ಪ್ರಕಾರ ಘಟಕದ ಕಮಾಂಡಿಂಗ್ ಆಫೀಸರ್ ‘ಸಮ್ಮರಿ ಕೋರ್ಟ್ ಮಾರ್ಷಲ್’ ನಡೆಸಬಲ್ಲರು. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಒಂದು ವರ್ಷದವರೆಗೆ ಸಜೆ ವಿಧಿಸುವ ಅಧಿಕಾರವೂ ಅವರಿಗಿದೆ. ಯಾವ ಕಂಪನಿಯ ಅಧ್ಯಕ್ಷನಿಗೂ ಇಲ್ಲದ ಅಧಿಕಾರ ಇದು! ಆದರೆ ರೆಸ್ಯೂಮೆಯಲ್ಲಿ ‘ಕೋರ್ಟ್ ಮಾರ್ಷಲ್’ ಎಂಬ ಮಾತು ಬಿದ್ದರೆ ಓದುವವನು ಬೆಚ್ಚುತ್ತಾನೆ. ಅದರ ಹಿಂದಿರುವ ಕೆಲಸ ಬೇರೆ: ದೂರನ್ನು ದಾಖಲಿಸುವುದು, ಸಾಕ್ಷಿಗಳ ಹೇಳಿಕೆ ಪಡೆಯುವುದು, ಆರೋಪಿಗೆ ಪ್ರಶ್ನಿಸುವ ಅವಕಾಶ ಕೊಡುವುದು, ಮೇಲಿನವರು ಪರಿಶೀಲಿಸಿದಾಗ ನಿಲ್ಲುವಂಥ ಕಡತ ಕಟ್ಟುವುದು. ಕಾರ್ಖಾನೆಗಳಲ್ಲಿ ಇದನ್ನೇ ಆಂತರಿಕ ವಿಚಾರಣೆ ಎನ್ನುತ್ತಾರೆ. ಅದನ್ನು ನ್ಯಾಯವಾಗಿ ನಡೆಸಬಲ್ಲವರು ಸಿಗದೆ ಎಷ್ಟೋ ಪ್ರಕರಣ ಕಾರ್ಮಿಕ ನ್ಯಾಯಾಲಯದಲ್ಲಿ ಬಿದ್ದುಹೋಗುತ್ತವೆ. ‘ಶಿಸ್ತು ವಿಚಾರಣೆಗಳನ್ನು ನಿಯಮಬದ್ಧವಾಗಿ ನಡೆಸಿ ತೀರ್ಮಾನ ಕೊಟ್ಟ ಅನುಭವ’ ಎಂದರೆ ಸಾಕು.

ಇನ್ನು ಈ ಕರ್ನಲ್‌ರ ಕೆಲಸದ ತಿರುಳಿಗೆ ಬರೋಣ. ತಮ್ಮ ಕರಡಿನಲ್ಲಿ ಅವರು ಇದಕ್ಕೆ ಅರ್ಧ ಸಾಲು ಕೊಟ್ಟಿದ್ದರು: ‘ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್ ಯಶಸ್ವಿಯಾಗಿ ಪೂರ್ಣ’. ಯಾಕೆಂದರೆ ಅವರ ಕಣ್ಣಿಗೆ ಅದು ಪ್ರತಿವರ್ಷದ ಮಾಮೂಲು. ಲಡಾಖಿಗೆ ಹೋಗುವ ಮುಖ್ಯ ರಸ್ತೆಗಳು ಎರಡು. ಒಂದು ಶ್ರೀನಗರದಿಂದ ಜೋಜಿ ಲಾ ದಾಟಿ ಕಾರ್ಗಿಲ್ ಮೂಲಕ ಲೇಹಕ್ಕೆ, ಇನ್ನೊಂದು ಮನಾಲಿಯಿಂದ. ಜೋಜಿ ಲಾ ಸುಮಾರು 3,500 ಮೀಟರ್ ಎತ್ತರದ ಕಣಿವೆ ದಾರಿ. ಹಿಮ ಬಿದ್ದಾಗ ಮುಚ್ಚುತ್ತದೆ. ಮನಾಲಿ ಕಡೆ 2020ರಲ್ಲಿ ಅಟಲ್ ಸುರಂಗ ತೆರೆದಮೇಲೆ ರೋಹ್ತಾಂಗಿನ ಕಾಟ ತಪ್ಪಿತಾದರೂ ಅದರಾಚೆಗೆ ಬಾರಾಲಾಚಾ ಲಾ ಇದ್ದೇ ಇದೆ. ಗಡಿ ರಸ್ತೆ ಸಂಸ್ಥೆಯವರು ಈಚಿನ ವರ್ಷಗಳಲ್ಲಿ ಮುಚ್ಚುವ ದಿನಗಳನ್ನು ಬಹಳ ಕಡಿಮೆ ಮಾಡಿದ್ದಾರೆ. ಆದರೂ ಚಳಿಗಾಲಕ್ಕೆ ಬೇಕಾದ ಅಕ್ಕಿ, ಬೇಳೆ, ಹಿಟ್ಟು, ಸೀಮೆಎಣ್ಣೆ, ಡೀಸೆಲ್, ಬೆಚ್ಚನೆಯ ಬಟ್ಟೆ, ಔಷಧ ಎಲ್ಲವನ್ನೂ ಬೇಸಿಗೆಯ ಕೆಲವೇ ತಿಂಗಳಲ್ಲಿ ಮೇಲೆ ಮುಟ್ಟಿಸಿ ಇಡಬೇಕು. ರಸ್ತೆ ಮುಗಿದಲ್ಲಿಂದ ಮುಂದಕ್ಕೆ ಹೇಸರಗತ್ತೆ ಮತ್ತು ಹಮಾಲರು. ಯಾವ ಠಾಣೆಗೆ ಎಷ್ಟು ಬೇಕೆಂಬ ಲೆಕ್ಕ ತಪ್ಪಿದರೆ ಜನವರಿಯಲ್ಲಿ ಸರಿಪಡಿಸಲು ಸುಲಭದ ದಾರಿಯಿಲ್ಲ.

ಗ್ರಾಹಕ ವಸ್ತುಗಳ ಕಂಪನಿಯವರು ದೀಪಾವಳಿಗೆ ಮೊದಲು ಗೋದಾಮು ತುಂಬಿಸುವುದು ಇದೇ ಜಾತಿಯ ಕೆಲಸ, ಆದರೆ ಇಷ್ಟು ಕಟ್ಟುನಿಟ್ಟಿಲ್ಲ. ಬೇಡಿಕೆಯ ಅಂದಾಜು, ಹಳೆಯ ದಾಸ್ತಾನು ಮೊದಲು ಹೊರಹೋಗುವಂತೆ ಜೋಡಿಸುವುದು, ಬಾಡಿಗೆ ಲಾರಿ ಎಷ್ಟು ಸ್ವಂತ ಲಾರಿ ಎಷ್ಟು ಎಂಬ ತೂಕ, ದಾರಿಯಲ್ಲಿ ಸೋರಿಕೆ ಮತ್ತು ಒಡೆತದ ಲೆಕ್ಕ, ಭೂಕುಸಿತವಾದರೆ ಪರ್ಯಾಯ. ಇದನ್ನು ‘ಯಶಸ್ವಿಯಾಗಿ ಪೂರ್ಣ’ ಎಂಬ ಎರಡು ಪದದಲ್ಲಿ ಮುಗಿಸಿದವರಿಗೆ ವಿತರಣಾ ಜಾಲದ ಕೆಲಸ ಯಾರು ಕೊಟ್ಟಾರು? ನಾನು ನೋಡಿದಂತೆ ಸೇನಾಧಿಕಾರಿಗಳ ರೆಸ್ಯೂಮೆಗಳಲ್ಲಿ ಪದಕದ ಮಾತು ಅಗಲವಾಗಿ, ಮಾಮೂಲು ಕೆಲಸದ ಮಾತು ಕಿರಿದಾಗಿ ಇರುತ್ತದೆ. ಕಂಪನಿಗೆ ಬೇಕಿರುವುದು ಆ ಮಾಮೂಲು.

ಅಂಕಿಯ ಮಾತು ಬಂದಾಗ ಇನ್ನೊಂದು ಬಿಕ್ಕಟ್ಟು. ಸೇನೆಯಲ್ಲಿ ಕೆಟ್ಟು ನಿಂತ ವಾಹನವನ್ನು ‘ವಿಒಆರ್’ ಎನ್ನುತ್ತಾರೆ, ವೆಹಿಕಲ್ ಆಫ್ ರೋಡ್. ನಮ್ಮ ಕರ್ನಲ್ ಬಂದಾಗ ಗ್ಯಾರೇಜಿನಲ್ಲಿ ನಿಂತ ಟ್ರಕ್ಕುಗಳು ಬಹಳವಿದ್ದವು, ಒಂದು ವರ್ಷದಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಕಂಪನಿಗೆ ಈ ಸಂಗತಿ ಚಿನ್ನ. ಆದರೆ ಗಡಿಯ ಒಂದು ಘಟಕದಲ್ಲಿ ಎಷ್ಟು ಟ್ರಕ್ಕಿವೆ, ಅದರಲ್ಲಿ ಎಷ್ಟು ಓಡುವ ಸ್ಥಿತಿಯಲ್ಲಿವೆ ಎಂಬುದು ಬೀದಿಯಲ್ಲಿ ಹೇಳುವ ಮಾತಲ್ಲ. 1923ರ ಅಧಿಕೃತ ರಹಸ್ಯಗಳ ಕಾಯಿದೆ ನಿವೃತ್ತರಿಗೂ ಅನ್ವಯಿಸುತ್ತದೆ, ಮತ್ತು ನೌಕರಿಯ ಜಾಲತಾಣಕ್ಕೆ ಏರಿಸಿದ ರೆಸ್ಯೂಮೆ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು. ಹಾಗಾಗಿ ಘಟಕದ ಹೆಸರು, ಸೆಕ್ಟರ್, ಠಾಣೆಗಳ ಸಂಖ್ಯೆ, ಒಟ್ಟು ಬಲ, ಇವನ್ನು ಬಿಡಬೇಕು. ಬದಲಾವಣೆಯನ್ನು ಮಾತ್ರ ಹೇಳಬೇಕು. ‘ದುರಸ್ತಿಗೆ ನಿಂತ ವಾಹನಗಳ ಪ್ರಮಾಣವನ್ನು ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಸಿದ್ದು’ ಎಂದರೆ ಗುಟ್ಟೂ ಉಳಿಯಿತು, ಗಟ್ಟಿ ಮಾತೂ ಉಳಿಯಿತು.

ಅಕ್ಕನ ಮಗ ಇಲ್ಲಿ ಒಳ್ಳೆಯ ಪ್ರಶ್ನೆ ಹಾಕಿದ. “ಹೇಗೆ ಇಳಿಸಿದ್ರಿ ಮಾವ? ಹೊಸ ಟ್ರಕ್ ಬಂತಾ?”

ಹೊಸ ಟ್ರಕ್ಕು ಬಂದು ಸಂಖ್ಯೆ ಸುಧಾರಿಸಿದ್ದರೆ ಅದು ಇವರ ಸಾಧನೆಯಲ್ಲ, ಆ ಸಾಲು ಬರೆಯಬಾರದು. ಕರ್ನಲ್ ಹೇಳಿದ್ದು ಬೇರೆ ಕಥೆ. ವಾಹನಗಳು ನಿಂತದ್ದು ದೊಡ್ಡ ದೋಷದಿಂದಲ್ಲ, ಚಿಕ್ಕ ಬಿಡಿಭಾಗಗಳಿಗೆ ಇಂಡೆಂಟ್ ಹಾಕಿ ಕಾಯುತ್ತ. ಯಾವ ಭಾಗಕ್ಕಾಗಿ ಎಷ್ಟು ಟ್ರಕ್ಕು ಕಾಯುತ್ತಿವೆ ಎಂದು ಪಟ್ಟಿ ಮಾಡಿಸಿದಾಗ ಕೆಲವೇ ಭಾಗಗಳು ಬಹುಪಾಲು ತೊಂದರೆಗೆ ಕಾರಣವೆಂದು ಕಂಡಿತು. ತಮಗಿದ್ದ ಹಣಕಾಸು ಅಧಿಕಾರದ ಮಿತಿಯೊಳಗೆ ಅವನ್ನು ಸ್ಥಳೀಯವಾಗಿ ಕೊಂಡರು, ದೊಡ್ಡ ದುರಸ್ತಿಗಳನ್ನು ರಸ್ತೆ ಮುಚ್ಚಿದ ತಿಂಗಳುಗಳಿಗೆ ತಳ್ಳಿದರು. ಇಷ್ಟೆಲ್ಲ ಆರು ಸಾಲಿನೊಳಗೆ ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಸಂದರ್ಶನದಲ್ಲಿ ಕೇಳುವಂತೆ ಮಾಡುವಷ್ಟು ಅಲ್ಲಿದ್ದರೆ ಆಯಿತು.

ಹಣದ ಸಾಲು ಎಲ್ಲಕ್ಕಿಂತ ನಾಜೂಕು. ಕಮಾಂಡಿಂಗ್ ಆಫೀಸರ್‌ರ ಕೈಯಲ್ಲಿ ಮೂರು ಬಗೆಯ ಹಣವಿರುತ್ತದೆ, ಮೂರನ್ನೂ ಕಲಸಿ ‘ಕೋಟ್ಯಂತರ ರೂಪಾಯಿ ಬಜೆಟ್’ ಎಂದು ಬರೆಯುವುದು ರೂಢಿ. ಮೊದಲನೆಯದು ಅವರ ಸುಪರ್ದಿಯಲ್ಲಿರುವ ವಾಹನ, ದಾಸ್ತಾನಿನ ಬೆಲೆ. ಇದು ದೊಡ್ಡ ಮೊತ್ತ, ಆದರೆ ಇದನ್ನು ಕಾಯಬೇಕೇ ಹೊರತು ಖರ್ಚು ಮಾಡುವಂತಿಲ್ಲ. ಎರಡನೆಯದು ಖರೀದಿಗೆ ಕೊಟ್ಟ ಅನುದಾನ. ರಕ್ಷಣಾ ಸೇವೆಗಳ ಹಣಕಾಸು ಅಧಿಕಾರ ಹಂಚಿಕೆಯ ನಿಯಮಾವಳಿ ಯಾವ ದರ್ಜೆಯವರು ಎಷ್ಟರ ತನಕ ಮಂಜೂರು ಮಾಡಬಹುದು, ಎಷ್ಟರ ಮೇಲೆ ಹಣಕಾಸು ಸಲಹೆಗಾರರ ಒಪ್ಪಿಗೆ ಬೇಕು ಎಂದು ಗೆರೆ ಎಳೆದಿರುತ್ತದೆ. ಸಾಮಾನ್ಯ ಸರಕಿನ ಖರೀದಿ ಹೆಚ್ಚಾಗಿ ಸರ್ಕಾರದ ಜೆಮ್ ಪೋರ್ಟಲ್ಲಿನ ಮೂಲಕ. ಮೂರನೆಯದು ರೆಜಿಮೆಂಟಿನ ನಿಧಿ ಮತ್ತು ಕ್ಯಾಂಟೀನು.

ಈ ಕ್ಯಾಂಟೀನಿನ ಮಾತನ್ನು ಅಧಿಕಾರಿಗಳು ಬರೆಯುವುದೇ ಇಲ್ಲ; ಕಮಾಂಡ್ ಮಾಡಿದವರು ಕಿರಾಣಿ ಲೆಕ್ಕ ಹೇಳುವುದೇ ಎಂಬ ಸಂಕೋಚ. ನನಗೆ ಅದು ತಪ್ಪೆನಿಸುತ್ತದೆ. ಘಟಕ ನಡೆಸುವ ಸಿಎಸ್‌ಡಿ ಕ್ಯಾಂಟೀನಿನಲ್ಲಿ ಕೊಳ್ಳುವುದಿದೆ, ಮಾರುವುದಿದೆ, ಗಿರಾಕಿಯ ದೂರಿದೆ, ಯಾವ ಸಾಮಾನು ಕಪಾಟಿನಲ್ಲಿ ಕೊಳೆಯುತ್ತದೆ ಯಾವುದು ಸಂಜೆಯೊಳಗೆ ಖಾಲಿಯಾಗುತ್ತದೆ ಎಂಬ ತಲೆನೋವಿದೆ, ವರ್ಷದ ಕೊನೆಗೆ ಕಲ್ಯಾಣ ನಿಧಿಗೆ ಹೋಗುವ ಲಾಭವೂ ಇದೆ, ಆಡಿಟ್ಟೂ ಇದೆ. ಕಮಾಂಡಿನ ಬದುಕಿನಲ್ಲಿ ವ್ಯಾಪಾರಕ್ಕೆ ತೀರ ಹತ್ತಿರದ ಸಂಗತಿ ಇದೊಂದೇ. ಚಿಲ್ಲರೆ ವ್ಯಾಪಾರದ ಕಂಪನಿಗೆ ಅರ್ಜಿ ಹಾಕುವವರು ಇದನ್ನು ಬಿಡಬಾರದು.

ಓದಿನ ಸಾಲಿಗೂ ಇಂಥದೇ ಗತಿ. ಕರ್ನಲ್ ತಮ್ಮ ಹೆಸರಿನ ಮುಂದೆ ‘ಪಿಎಸ್‌ಸಿ’ ಎಂದು ಹಾಕಿದ್ದರು. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜು ಮುಗಿಸಿದ ಗುರುತು ಅದು. ಆ ಕೋರ್ಸಿಗೆ ಮದ್ರಾಸ್ ವಿಶ್ವವಿದ್ಯಾಲಯದ ಎಂಎಸ್ಸಿ ಪದವಿ ಸೇರಿದೆ. ಸಿಕಂದರಾಬಾದಿನ ಕಾಲೇಜ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್‌ನ ಹಿರಿಯರ ಕೋರ್ಸಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿ ಇದೆ. ಸೇನೆಯೊಳಗೆ ಆ ಪದವಿಗಿಂತ ಮೂರು ಅಕ್ಷರಕ್ಕೇ ಬೆಲೆ ಹೆಚ್ಚು, ಹೊರಗೆ ತಿರುಗುಮುರುಗು.

ಇಷ್ಟಾದ ಮೇಲೆ ಕರ್ನಲ್‌ರ ಸಾರಾಂಶ ಹೀಗೆ ನಿಂತಿತು. ಮೂಲ ಇಂಗ್ಲಿಷಿನಲ್ಲೇ ಇರುತ್ತದೆ, ತಿರುಳು ಇದು:

“ಎತ್ತರದ ಹಿಮಾಲಯ ಪ್ರದೇಶದಲ್ಲಿ ಸಾಗಣೆ ಮತ್ತು ದಾಸ್ತಾನು ಜಾಲ ನಡೆಸಿದ ಅನುಭವಿ, ಭಾರತೀಯ ಸೇನೆಯ ನಿವೃತ್ತ ಕರ್ನಲ್. ನೂರಾರು ಜನ ಮತ್ತು ದೊಡ್ಡ ಟ್ರಕ್ ಪಡೆಯಿದ್ದ ಘಟಕದ ಪೂರ್ಣ ಹೊಣೆ ಎರಡೂವರೆ ವರ್ಷ. ರಸ್ತೆ ಮುಚ್ಚುವುದಕ್ಕೆ ಮೊದಲು ಇಡೀ ಚಳಿಗಾಲದ ಆಹಾರ, ಇಂಧನವನ್ನು ದೂರದ ಠಾಣೆಗಳಿಗೆ ಮುಟ್ಟಿಸುವ ಯೋಜನೆಯನ್ನು ಎರಡು ಋತುಗಳಲ್ಲಿ ಸ್ವಂತ ಹಾಗೂ ಬಾಡಿಗೆ ವಾಹನಗಳಿಂದ ಗಡುವಿನೊಳಗೆ ಮುಗಿಸಿದ್ದು. ದುರಸ್ತಿಗೆ ನಿಂತ ವಾಹನಗಳ ಪ್ರಮಾಣವನ್ನು ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಸಿದ್ದು. ಸರ್ಕಾರಿ ನಿಯಮಗಳಡಿ ಖರೀದಿ, ಆಡಿಟ್, ಶಿಸ್ತು ವಿಚಾರಣೆ, ಕಿರಿಯ ಅಧಿಕಾರಿಗಳ ವಾರ್ಷಿಕ ಮೌಲ್ಯಮಾಪನ. ರಕ್ಷಣಾ ಅಧ್ಯಯನದಲ್ಲಿ ಎಂಎಸ್ಸಿ, ಮದ್ರಾಸ್ ವಿಶ್ವವಿದ್ಯಾಲಯ.”

ನಾಯಕತ್ವ ಎಂಬ ಪದವೇ ಇದರಲ್ಲಿಲ್ಲ. ಕರ್ನಲ್ ಸಾಹೇಬರಿಗೆ ಮೊದಲು ಇದು ಬೋಳು ಬೋಳಾಗಿ ಕಂಡಿತಂತೆ. ಸೇನಾಮುಖ್ಯಸ್ಥರ ಪ್ರಶಂಸಾ ಪತ್ರವನ್ನು ಎಲ್ಲಿ ಹಾಕಲಿ ಎಂದು ಕೇಳಿದರು. ಎರಡನೇ ಪುಟದಲ್ಲಿ, ಯಾವ ಕೆಲಸಕ್ಕೆ ಬಂತೆಂಬ ಒಂದು ವಾಕ್ಯದೊಂದಿಗೆ. ಅಣ್ಣತಮ್ಮಂದಿರ ಮುಂದೆ ಅದರ ಮಾತೇ ಬೇರೆ.

ಈ ಆರು ಸಾಲು ಎಲ್ಲ ಹುದ್ದೆಗೂ ನಡೆಯುವುದಿಲ್ಲ. ಕಾರ್ಖಾನೆಯ ಆಡಳಿತದ ಹುದ್ದೆಯಾದರೆ ಐದನೇ ಸಾಲು ಮೇಲೇರಬೇಕು, ಚಳಿಗಾಲದ ಯೋಜನೆ ಒಂದು ಮಾತಿಗೆ ಇಳಿಯಬೇಕು. ಶಾರ್ಟ್ ಸರ್ವಿಸ್ ಮುಗಿಸಿ 33ಕ್ಕೆ ಬಂದ ಮೇಜರ್‌ಗೆ ಬೆಟಾಲಿಯನ್ ಇರುವುದಿಲ್ಲ. ಸುಮಾರು 120 ಜನರ ಕಂಪನಿಯೊಂದನ್ನು ನಡೆಸಿದ್ದು, ಅಡ್ಜುಟೆಂಟ್ ಆಗಿ ಘಟಕದ ಆಡಳಿತ ನೋಡಿದ್ದು ಇರುತ್ತದೆ. ಅವರು ಕರ್ನಲ್‌ರ ಅಳತೆಯ ಅಂಗಿ ತೊಡಬಾರದು.

ಬರೆದದ್ದಕ್ಕೆ ಸಾಕ್ಷಿ ಕೊಡುವುದೇ ಕಡೆಯ ಕಷ್ಟ. ಕಂಪನಿಯಿಂದ ಕಂಪನಿಗೆ ಹೋಗುವವರ ಬಗ್ಗೆ ಹಳೆಯ ಎಚ್‌ಆರ್‌ಗೆ ಫೋನು ಮಾಡಿ ಕೇಳುತ್ತಾರೆ. ಸೇನೆಯ ಗೌಪ್ಯ ವರದಿ ಹೆಸರಿಗೆ ತಕ್ಕಂತೆ ಗೌಪ್ಯ. ಅದನ್ನು ತಂದು ತೋರಿಸುವಂತಿಲ್ಲ. ಸೇವೆಯ ದಾಖಲೆ, ದರ್ಜೆ, ಅವಧಿಗೆ ಕಾಗದವಿದೆ, ಟ್ರಕ್ಕುಗಳ ಕಥೆಗೆ ಕಾಗದವಿಲ್ಲ. ಎದುರಿಗೆ ಕುಳಿತವರು ಒಂದೊಂದು ಸಾಲನ್ನೂ ಹಿಡಿದು ಕೆದಕುವುದು ಅದಕ್ಕೇ. ಕರ್ನಲ್ ಸಂದರ್ಶನಕ್ಕೆ ಹೋದಾಗ ಮೂರನೇ ಸಾಲಿನ ಮೇಲೆ ಬೆರಳಿಟ್ಟು ಒಬ್ಬರು ಕೇಳಿದರಂತೆ: “ಬಾಡಿಗೆ ಲಾರಿಯವರು ಕೈಕೊಟ್ಟರೆ ಏನು ಮಾಡ್ತಿದ್ರಿ? ಅವರ ಮೇಲೆ ನಿಮ್ಮ ಆರ್ಡರ್ ನಡೆಯಲ್ವಲ್ಲ.”

“ನಡೆಯಲ್ಲ ಸರ್,” ಎಂದರಂತೆ ಇವರು. “ಅವರಿಗೆ ದುಡ್ಡು ತಡವಾಗ್ತಿತ್ತು, ಅದಕ್ಕೇ ಕೈಕೊಡ್ತಿದ್ರು. ಬಿಲ್ ಎಲ್ಲಿ ನಿಲ್ತಾ ಇದೆ ಅಂತ ಹುಡುಕಿದೆ.” ಮುಂದಿನ ಇಪ್ಪತ್ತು ನಿಮಿಷ ಮಾತೆಲ್ಲ ಬಿಲ್ಲುಗಳ ಮೇಲೆಯೇ ನಡೆಯಿತು.